ಮೊದಲು ಫೋನ್ ಇಟ್ಟವರು ಯಾರು? ಟಿಸಿಪಿ ಸಂಪರ್ಕ ಮುಗಿಯುವ ಪಾಠದ ಎರಡು ಬೋಧನೆಗಳು

ದ್ವಿತೀಯ ಪಿಯುಸಿ ಗಣಕ ವಿಜ್ಞಾನದಲ್ಲಿ ನೆಟ್‌ವರ್ಕ್ ಅಧ್ಯಾಯ ಬಂದಾಗ ಟಿಸಿಪಿ ಸಂಪರ್ಕ ಶುರುವಾಗುವ ಬಗೆಯನ್ನು ಎಲ್ಲರೂ ಹೇಳುತ್ತೇವೆ, ಮುಗಿಯುವ ಬಗೆಯನ್ನು ಹೇಳುವವರು ಕಡಿಮೆ. ಅಭ್ಯಾಸ ಬೋಧನೆಗೆ ನಾನು ಮುಗಿಯುವುದನ್ನೇ ಆರಿಸಿಕೊಂಡೆ. ಮೊದಲ ಸಲ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಮಾಡಿದೆ, ಪಾಠ ಕೆಟ್ಟಿತು. ಯೋಜನೆಯನ್ನು ತಿದ್ದಿಕೊಂಡು ಭದ್ರಾವತಿಯಲ್ಲಿ ಮತ್ತೊಮ್ಮೆ ಮಾಡಿದೆ. ಕೆಟ್ಟದ್ದು ಎಲ್ಲಿ, ತಿದ್ದಿದ್ದು ಏನು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ವಿಷಯವನ್ನೇ ಆರಿಸಲು ಒಂದು ಹಳೆಯ ಕಾರಣವಿದೆ. ಬಿ.ಇಡಿ.ಗೆ ಸೇರುವ ಮೊದಲು ನಾನು ಶಿವಮೊಗ್ಗದ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ವಿದ್ಯಾರ್ಥಿಗಳು ಪ್ರವೇಶದ ಅರ್ಜಿ ತುಂಬುವ ಒಂದು ಸರ್ವರ್ ನಮ್ಮ ಸುಪರ್ದಿಯಲ್ಲಿತ್ತು. ಕೊನೆಯ ದಿನ ಸಂಜೆಯಿಂದ ಅದು ಪದೇ ಪದೇ ನಿಲ್ಲತೊಡಗಿತು. ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಅರ್ಧ ಗಂಟೆ ಚೆನ್ನಾಗಿ ನಡೆಯುತ್ತಿತ್ತು, ಆಮೇಲೆ ಮತ್ತೆ ಅದೇ ಗತಿ. ಭದ್ರಾವತಿಯ ಒಂದು ಸೈಬರ್ ಅಂಗಡಿಯವರು ಫೋನ್ ಮಾಡಿ, "ಮೇಡಂ, ಇಲ್ಲಿ ಎಂಟು ಮಕ್ಕಳು ಸಂಜೆಯಿಂದ ಕಾಯ್ತಾ ಕೂತಿದ್ದಾರೆ, ಕೊನೆ ಬಸ್ಸು ಹೋಗಿಬಿಡುತ್ತೆ" ಎಂದರು. ನಾನು ಸಂಪರ್ಕಗಳ ಪಟ್ಟಿ ತೆಗೆದು ನೋಡಿದೆ. ಟೈಮ್ ವೇಟ್ ಸ್ಥಿತಿಯಲ್ಲಿ ಸುಮಾರು ಆರು ಸಾವಿರ, ಕ್ಲೋಸ್ ವೇಟ್ ಸ್ಥಿತಿಯಲ್ಲಿ ಸಾವಿರದ ಹತ್ತಿರ. ದೊಡ್ಡ ಸಂಖ್ಯೆಯೇ ಕಳ್ಳ ಎಂದುಕೊಂಡೆ. ಆ ರಾತ್ರಿಯೆಲ್ಲ ಟೈಮ್ ವೇಟ್ ಕಡಿಮೆ ಮಾಡುವುದಕ್ಕೇ ಹೆಣಗಿದೆ. ಕಳ್ಳ ಇನ್ನೊಂದರಲ್ಲಿದ್ದ.

ಪಾಠದಲ್ಲಿ ನನಗೆ ಬೇಕಿದ್ದುದು ಇಷ್ಟೇ: ಈ ಎರಡು ಸ್ಥಿತಿಗಳಲ್ಲಿ ಯಾವುದು ತಾನಾಗಿ ಹೋಗುತ್ತದೆ, ಯಾವುದು ಹೋಗುವುದಿಲ್ಲ, ಏಕೆ ಎಂಬುದನ್ನು ವಿದ್ಯಾರ್ಥಿ ತನ್ನ ಕಣ್ಣಿನಿಂದಲೇ ನೋಡಿ ಹೇಳಬೇಕು.

ಪೀಠಿಕೆಗೆ ಫೋನ್ ಮಾತುಕತೆಯನ್ನು ತೆಗೆದುಕೊಂಡೆ. ನಾನು ಅತ್ತೆಗೆ ಫೋನ್ ಮಾಡಿದ್ದೇನೆ. "ಸರಿ ಅತ್ತೆ, ನಾನು ಇಡ್ತೀನಿ" ಎನ್ನುತ್ತೇನೆ. ಅತ್ತೆ "ಹೂಂ" ಎನ್ನುತ್ತಾರೆ. ಆದರೆ ಅವರ ಮಾತು ಮುಗಿದಿಲ್ಲ. ಅವರು ಇನ್ನೊಂದೆರಡು ಸುದ್ದಿ ಹೇಳಿ, ಆಮೇಲೆ "ಸರಿ, ನಾನೂ ಇಡ್ತೀನಿ" ಎನ್ನುತ್ತಾರೆ. ನಾನು "ಹೂಂ" ಎನ್ನುತ್ತೇನೆ. ಎರಡು ಬೀಳ್ಕೊಡುಗೆ, ಎರಡು ಹೂಂಗುಟ್ಟುವಿಕೆ. ಟಿಸಿಪಿಯಲ್ಲೂ ಹೀಗೆಯೇ. "ಇಡ್ತೀನಿ" ಎಂಬುದಕ್ಕೆ ಫಿನ್ ಎಂಬ ಗುರುತು, "ಹೂಂ" ಎಂಬುದಕ್ಕೆ ಆ್ಯಕ್. ಒಂದು ಕಡೆಯಿಂದ ಫಿನ್ ಬಂದು, ಈ ಕಡೆಯವರು ಹೂಂ ಎಂದಿದ್ದರೂ ತಮ್ಮ ಫಿನ್ ಇನ್ನೂ ಕಳಿಸದೆ ಇರುವ ಅವಧಿಯೇ ಕ್ಲೋಸ್ ವೇಟ್. ಮೊದಲು ಫಿನ್ ಕಳಿಸಿದವರು ಎಲ್ಲ ಮುಗಿದ ಮೇಲೂ ಸ್ವಲ್ಪ ಹೊತ್ತು ಫೋನಿನ ಹತ್ತಿರವೇ ನಿಂತಿರುವುದು ಟೈಮ್ ವೇಟ್.

ನಿಂತಿರುವುದು ಏಕೆ? ನನ್ನ ಕೊನೆಯ "ಹೂಂ" ದಾರಿಯಲ್ಲಿ ಕಳೆದುಹೋದರೆ ಅತ್ತೆ ಮತ್ತೆ "ಇಡ್ತೀನಿ" ಎನ್ನುತ್ತಾರೆ. ಆಗ ಉತ್ತರ ಕೊಡಲು ಯಾರಾದರೂ ಇರಬೇಕು. ಇನ್ನೊಂದು ಕಾರಣ, ಹಳೆಯ ಮಾತುಕತೆಯ ಯಾವುದೋ ತಡವಾದ ತುಣುಕು ಅದೇ ವಿಳಾಸ, ಅದೇ ಪೋರ್ಟ್‌ಗಳ ನಡುವಿನ ಹೊಸ ಮಾತುಕತೆಯೊಳಗೆ ಬಂದು ಸೇರಬಾರದು. 1981ರ ಟಿಸಿಪಿ ನಿಯಮಪತ್ರದಲ್ಲಿ ಒಂದು ತುಣುಕು ಜಾಲದಲ್ಲಿ ಬದುಕಿರಬಹುದಾದ ಗರಿಷ್ಠ ಅವಧಿಯನ್ನು ಎರಡು ನಿಮಿಷ ಎಂದು ಹಿಡಿದು, ಅದರ ಎರಡರಷ್ಟು ಕಾಯಬೇಕು ಎಂದಿದ್ದಾರೆ. ಲಿನಕ್ಸ್‌ನಲ್ಲಿ ಈ ಕಾಯುವಿಕೆ 60 ಸೆಕೆಂಡು. ಅದನ್ನು ಕರ್ನಲ್ಲಿನ ಒಳಗೇ ಬರೆದಿಟ್ಟಿದ್ದಾರೆ, ಹೊರಗಿನಿಂದ ತಿರುಗಿಸಲು ಗುಂಡಿ ಇಲ್ಲ. ಆ ರಾತ್ರಿ ನಾನು `net.ipv4.tcp_fin_timeout` ಎಂಬುದನ್ನು 60ರಿಂದ 15ಕ್ಕೆ ಇಳಿಸಿ ಕೂತಿದ್ದೆ. ಅದು ಮುಟ್ಟುವುದು ಬೇರೆಯದೇ ಸ್ಥಿತಿಯನ್ನು. ಸಂಖ್ಯೆ ಆರು ಸಾವಿರದಿಂದ ಅಲುಗಾಡಲಿಲ್ಲ.

ಇಷ್ಟು ಹೇಳಿ ಶಿವಮೊಗ್ಗದ ತರಗತಿಯಲ್ಲಿ ಪ್ರಯೋಗಕ್ಕೆ ಇಳಿದೆ. ಬೇಕೆಂದೇ ಸಂಪರ್ಕ ಮುಚ್ಚದ ಒಂದು ಪೈಥಾನ್ ಸರ್ವರ್:

```python
import socket
s = socket.socket()
s.bind(("", 9000))
s.listen(50)
while True:
    c, a = s.accept()
    c.recv(100)
```

ಅದಕ್ಕೆ ನಲವತ್ತು ಸಲ ಹೋಗಿ ಮಾತಾಡಿಸಿ ಬರುವ ಗ್ರಾಹಕ:

```python
import socket
for i in range(40):
    k = socket.create_connection(("127.0.0.1", 9000))
    k.send(b"hi")
    k.close()
```

ಗ್ರಾಹಕ ಮುಚ್ಚುತ್ತಾನೆ, ಸರ್ವರ್ ಎಲ್ಲಿಯೂ `close` ಎನ್ನುವುದಿಲ್ಲ. ಆದ್ದರಿಂದ ನಲವತ್ತು ಕ್ಲೋಸ್ ವೇಟ್ ಬರಬೇಕು ಎಂದು ಕಪ್ಪುಹಲಗೆಯ ಮೇಲೆ ಬರೆಸಿದೆ. `ss -tan` ಎಂದು ಕೊಟ್ಟರೆ ಬಂದದ್ದು ಒಂದೇ ಒಂದು `CLOSE-WAIT`, ಉಳಿದ ಮೂವತ್ತೊಂಬತ್ತು `TIME-WAIT`. ಸಾಲದ್ದಕ್ಕೆ ಒಂದು `FIN-WAIT-2`. ಹಿಂದಿನ ಬೆಂಚಿನ ಹುಡುಗನೊಬ್ಬ, "ಮೇಡಂ, ಅತ್ತೆ ಫೋನ್ ಇಟ್ಟುಬಿಟ್ಟಿದ್ದಾರೆ" ಎಂದ. ತರಗತಿ ನಕ್ಕಿತು. ಕಾರಣ ಆಗ ನನಗೆ ಹೊಳೆಯಲಿಲ್ಲ. "ಯಂತ್ರದಲ್ಲಿ ಏನೋ ತೊಂದರೆ" ಎಂದು ಸುಳ್ಳು ಹೇಳಿ ಅವಧಿ ಮುಗಿಸಿದೆ. ವೀಕ್ಷಣಾ ನಮೂನೆಯಲ್ಲಿ ಸಹಪ್ರಶಿಕ್ಷಣಾರ್ಥಿ ಅದನ್ನು ಬರೆದಿದ್ದರು, ಬರೆಯಬೇಕಾದದ್ದೇ.

ಮನೆಗೆ ಬಂದು ನೋಡಿದಾಗ ತಿಳಿಯಿತು. ಪೈಥಾನ್ ಸಾಕೆಟನ್ನು ಹಿಡಿದಿರುವುದು `c` ಎಂಬ ಹೆಸರು. ಮುಂದಿನ ಗ್ರಾಹಕ ಬಂದು `c` ಹೊಸ ಸಾಕೆಟಿಗೆ ಹೋದ ಕ್ಷಣ ಹಳೆಯದನ್ನು ಹಿಡಿದವರು ಯಾರೂ ಇರುವುದಿಲ್ಲ. ಯಾರೂ ಹಿಡಿಯದ ವಸ್ತುವನ್ನು ಪೈಥಾನ್ ತಾನೇ ತೆಗೆದುಹಾಕುತ್ತದೆ, ತೆಗೆಯುವಾಗ ಸಾಕೆಟನ್ನೂ ಮುಚ್ಚುತ್ತದೆ. ಕೊನೆಯದನ್ನು ಮಾತ್ರ `c` ಇನ್ನೂ ಹಿಡಿದಿತ್ತು. ಅದೇ ಆ ಒಂದು `CLOSE-WAIT`. ಅದರ ಇನ್ನೊಂದು ತುದಿ, ಅಂದರೆ ಹೂಂ ಕೇಳಿಸಿಕೊಂಡು ಅತ್ತೆಯ "ಇಡ್ತೀನಿ"ಗಾಗಿ ಕಾಯುವ ಗ್ರಾಹಕ, ಆ ಒಂದು `FIN-WAIT-2`.

ಹಳೆಯ ಕಚೇರಿಯ ಗುಟ್ಟೂ ಆಗಲೇ ಪೂರ್ತಿ ಅರ್ಥವಾಯಿತು. ಅಲ್ಲಿನ ಪ್ರೋಗ್ರಾಮು ಅರ್ಜಿ ಬಂದಾಗಲೆಲ್ಲ ಹೊರಗಿನ ಒಂದು ಎಸ್ಸೆಮ್ಮೆಸ್ ಸೇವೆಗೆ ಸಂಪರ್ಕ ಮಾಡುತ್ತಿತ್ತು. ಸಂದೇಶ ಹೋದರೆ ಸಂಪರ್ಕ ಮುಚ್ಚುತ್ತಿತ್ತು. ಹೋಗದಿದ್ದರೆ ಆಮೇಲೆ ನೋಡೋಣ ಎಂದು ಒಂದು ಪಟ್ಟಿಗೆ ಸೇರಿಸುತ್ತಿತ್ತು. ಬರೆದವರು ಸಂದೇಶವನ್ನು ಸೇರಿಸುವ ಬದಲು ಸಂಪರ್ಕವನ್ನೇ ಸೇರಿಸಿದ್ದರು:

```python
r = c.getresponse()
if r.status != 200:
    failed.append(c)
    return
r.read()
c.close()
```

ಪಟ್ಟಿ ಹಿಡಿದಿರುವ ತನಕ ಪೈಥಾನ್ ಅದನ್ನು ತೆಗೆಯುವುದಿಲ್ಲ. ಎಸ್ಸೆಮ್ಮೆಸ್ ಸೇವೆಯವರು ಸ್ವಲ್ಪ ಹೊತ್ತು ಕಾದು ತಮ್ಮ ಕಡೆಯಿಂದ ಫಿನ್ ಕಳಿಸುತ್ತಾರೆ, ನಮ್ಮ ಕಡೆ ಕ್ಲೋಸ್ ವೇಟ್ ಆಗಿ ಕೂರುತ್ತದೆ. ಸಾಮಾನ್ಯ ದಿನಗಳಲ್ಲಿ ದಿನಕ್ಕೆ ನಾಲ್ಕೈದು ಸಂದೇಶ ತಪ್ಪುತ್ತಿದ್ದವು, ಯಾರಿಗೂ ಕಾಣಲಿಲ್ಲ. ಕೊನೆಯ ದಿನ ಸಂಜೆ ಕೊಂಡಿದ್ದ ಸಂದೇಶಗಳ ಸಂಖ್ಯೆ ಮುಗಿದುಹೋಗಿ ಪ್ರತಿಯೊಂದೂ ತಪ್ಪತೊಡಗಿತು. ಒಂದು ಅರ್ಜಿಗೆ ಒಂದು ಕ್ಲೋಸ್ ವೇಟ್. ಒಂದು ಪ್ರೋಗ್ರಾಮು ಏಕಕಾಲಕ್ಕೆ ತೆರೆದಿಡಬಹುದಾದ ಕಡತ ಮತ್ತು ಸಾಕೆಟುಗಳ ಮಿತಿ ಅಲ್ಲಿ 1024 ಇತ್ತು. ಸಾವಿರದ ಹತ್ತಿರ ಬಂದಾಗ ಹೊಸ ಅರ್ಜಿಯನ್ನು ಒಳಗೆ ಕರೆಯಲು ಜಾಗವಿಲ್ಲ. ಭದ್ರಾವತಿಯ ಆ ಎಂಟು ಮಕ್ಕಳಿಗೆ ಬಾಗಿಲು ಮುಚ್ಚಿದ್ದು ಹೀಗೆ.

ಪಟ್ಟಿಯನ್ನು ಸರಿಯಾಗಿ ಓದಿದ್ದರೆ ಆ ಸಂಜೆಯೇ ಗೊತ್ತಾಗುತ್ತಿತ್ತು. `ss -tanp state close-wait` ಎಂದು ಕೊಟ್ಟರೆ ಪ್ರತಿ ಸಾಲಿನಲ್ಲೂ ಎದುರು ತುದಿಯ ವಿಳಾಸ, ಯಾವ ಪ್ರೋಗ್ರಾಮು ಎಂಬುದು ಬರುತ್ತದೆ. ಎಲ್ಲ ಸಾಲುಗಳಲ್ಲೂ ಎದುರು ತುದಿ ಒಂದೇ ವಿಳಾಸವಾಗಿದ್ದರೆ, ಆ ವಿಳಾಸದೊಡನೆ ಮಾತಾಡುವ ಪ್ರೋಗ್ರಾಮಿನ ಭಾಗದಲ್ಲೇ ಮುಚ್ಚುವುದನ್ನು ಮರೆತಿದ್ದಾರೆ. ನಾನು ಸಾಲುಗಳನ್ನು ಎಣಿಸಿದೆನೇ ಹೊರತು ಓದಲಿಲ್ಲ.

ಹಾಗಾದರೆ ಆರು ಸಾವಿರ ಟೈಮ್ ವೇಟ್? ಪ್ರತಿಯೊಂದೂ 60 ಸೆಕೆಂಡು ಇರುತ್ತದೆ ಎಂದಮೇಲೆ ಆರು ಸಾವಿರ ಎಂದರೆ ಸೆಕೆಂಡಿಗೆ ನೂರು ಸಂಪರ್ಕ ಮುಗಿಯುತ್ತಿವೆ ಎಂದಷ್ಟೇ ಅರ್ಥ. ಅಂದರೆ ಅದು ಕಾಯಿಲೆಯ ಲಕ್ಷಣವಲ್ಲ, ದಟ್ಟಣೆಯ ಅಳತೆ. ಟೈಮ್ ವೇಟಿಗೆ ಹೋದ ಸಂಪರ್ಕ ಪ್ರೋಗ್ರಾಮಿನ ಕೈ ಬಿಟ್ಟಿರುತ್ತದೆ, 1024ರ ಲೆಕ್ಕಕ್ಕೆ ಬರುವುದಿಲ್ಲ. ಕರ್ನಲ್ ಅದಕ್ಕಾಗಿ ಇಟ್ಟುಕೊಳ್ಳುವ ನೆನಪೂ ಚಿಕ್ಕದು. ಅದು ನಿಜವಾಗಿ ತೊಂದರೆ ಕೊಡುವುದು ಒಂದು ಸಂದರ್ಭದಲ್ಲಿ: ನಮ್ಮ ಯಂತ್ರವೇ ಒಂದೇ ವಿಳಾಸದ ಒಂದೇ ಪೋರ್ಟಿಗೆ ಮೇಲಿಂದ ಮೇಲೆ ಹೊಸ ಸಂಪರ್ಕ ಮಾಡಿ ತಾನೇ ಮೊದಲು ಮುಚ್ಚುತ್ತಿದ್ದರೆ. ಲಿನಕ್ಸ್ ಸಾಮಾನ್ಯವಾಗಿ ಹೊರಹೋಗುವ ಸಂಪರ್ಕಕ್ಕೆ 32768ರಿಂದ 60999ರವರೆಗಿನ ಪೋರ್ಟ್ ಬಳಸುತ್ತದೆ, ಒಟ್ಟು 28232. ಪ್ರತಿಯೊಂದೂ 60 ಸೆಕೆಂಡು ಸಿಕ್ಕಿಕೊಂಡರೆ ಸೆಕೆಂಡಿಗೆ 470ರ ಆಚೆ ಪೋರ್ಟ್ ಸಿಗುವುದಿಲ್ಲ. ನಮ್ಮದು ನೂರು. ಈ ಭಾಗಾಕಾರವನ್ನು ಹಲಗೆಯ ಮೇಲೆ ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು, ಅದಕ್ಕೆ ಎರಡು ನಿಮಿಷ ಸಾಕು. ಮಿತಿಯ ಹತ್ತಿರ ಹೋದವರಿಗೆ ಮದ್ದು ಪ್ರತಿ ಸಲ ಹೊಸ ಫೋನ್ ಮಾಡದೆ ಒಂದೇ ಕರೆಯಲ್ಲಿ ಹಲವು ಮಾತು ಮುಗಿಸುವುದು, ಅಂದರೆ ಸಂಪರ್ಕವನ್ನು ತೆರೆದಿಟ್ಟು ಮರುಬಳಕೆ ಮಾಡುವುದು.

ಹಳೆಯ ಪುಸ್ತಕ, ಟಿಪ್ಪಣಿಗಳಲ್ಲಿ `tcp_tw_recycle` ಎಂಬ ಇನ್ನೊಂದು ಮದ್ದು ಕಾಣುತ್ತದೆ. ಅದನ್ನು ಪಾಠದಲ್ಲಿ ಹೇಳಬೇಡಿ ಎಂದು ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುತ್ತೇನೆ. ನಮ್ಮ ಕಾಲೇಜು ಪ್ರಯೋಗಾಲಯಗಳಂತೆ ಮೂವತ್ತು ಗಣಕಗಳು ಹೊರಗೆ ಒಂದೇ ವಿಳಾಸದಿಂದ ಕಾಣುವ ಕಡೆ, ಅದನ್ನು ಹಾಕಿದ ಸರ್ವರ್ ಕೆಲವರ ಸಂಪರ್ಕವನ್ನು ಹಳೆಯದೆಂದು ತಪ್ಪು ತಿಳಿದು ಸುಮ್ಮನೆ ಕೈಬಿಡುತ್ತಿತ್ತು. ಒಂದು ಗಣಕದಲ್ಲಿ ಪುಟ ಬರುತ್ತದೆ, ಪಕ್ಕದ್ದರಲ್ಲಿ ಬರುವುದಿಲ್ಲ. 2017ರಲ್ಲಿ ಲಿನಕ್ಸ್ 4.12ರಿಂದ ಅದನ್ನು ತೆಗೆದೇಹಾಕಿದರು.

ಮೊದಲ ಬೋಧನೆಯ ನಂತರ ಮಾರ್ಗದರ್ಶಕರು ಎರಡು ಮಾತು ಹೇಳಿದರು. ಒಂದು, ಗ್ರಾಹಕ ಮತ್ತು ಸರ್ವರ್ ಎರಡನ್ನೂ ಒಂದೇ ಗಣಕದಲ್ಲಿ ನಡೆಸಿದ್ದರಿಂದ ಎರಡೂ ತುದಿಗಳು ಒಂದೇ ಪಟ್ಟಿಯಲ್ಲಿ ಕಲಸಿಹೋದವು, ಯಾವ ಸಾಲು ಯಾರದು ಎಂದು ಮಕ್ಕಳಿಗೆ ತಿಳಿಯಲಿಲ್ಲ. ಇನ್ನೊಂದು ನನ್ನ ಉಪಮೆಯ ಬಗ್ಗೆ. "ನಿಮ್ಮ ಅತ್ತೆ ಹೂಂ ಅಂದರು, ಆಮೇಲೆ ಇಡಲಿಲ್ಲ. ಹೂಂ ಅಂದವರಿಗೆ ಇಡೋದು ಯಾಕೆ ಮರೆತುಹೋಗುತ್ತೆ, ಹೇಳಿ ನೋಡೋಣ?" ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ, ಏಕೆಂದರೆ ಉಪಮೆಯಲ್ಲಿ ಒಬ್ಬರೇ ಇದ್ದರು, ಯಂತ್ರದಲ್ಲಿ ಇಬ್ಬರಿದ್ದಾರೆ. ಹೂಂ ಎನ್ನುವುದು ಕರ್ನಲ್, ಅದು ಯಾರನ್ನೂ ಕೇಳದೆ ತಕ್ಷಣ ಹೇಳುತ್ತದೆ. ಇಡಬೇಕಾದದ್ದು ಪ್ರೋಗ್ರಾಮು.

ಭದ್ರಾವತಿಗೆ ಹೋಗುವಾಗ ಉಪಮೆಯನ್ನು ಬದಲಿಸಿದೆ. ಫೋನ್ ಎತ್ತಿದ್ದು ಮನೆಯ ಮಗು. ಆ ಕಡೆಯವರು "ಇಡ್ತೀವಿ" ಎಂದರೆ ಮಗು ತಟ್ಟನೆ "ಹೂಂ" ಎಂದು, ಅಡುಗೆಮನೆಯ ಕಡೆ ತಿರುಗಿ "ಅಜ್ಜೀ, ಅವರು ಇಡ್ತಾರಂತೆ" ಎಂದು ಕೂಗುತ್ತದೆ. ಅಜ್ಜಿ ಬಂದು ಇಡಬೇಕು. ಮಗುವಿಗೆ ಇಡುವ ಅಧಿಕಾರವಿಲ್ಲ. ಅಜ್ಜಿ ಬಾರದಿದ್ದರೆ ಮಗು ಸಂಜೆಯಾದರೂ ಫೋನ್ ಹಿಡಿದು ನಿಂತಿರುತ್ತದೆ. ಕ್ಲೋಸ್ ವೇಟಿಗೆ ಗಡಿಯಾರವಿಲ್ಲ ಎಂಬುದನ್ನು ಇದಕ್ಕಿಂತ ಸುಲಭವಾಗಿ ಹೇಳಲು ನನಗೆ ಬಂದಿಲ್ಲ. ಕರ್ನಲ್ ತಾನೇ ಏಕೆ ಮುಚ್ಚಬಾರದು ಎಂಬ ಪ್ರಶ್ನೆ ಬಂದೇ ಬರುತ್ತದೆ, ಬಂತು. ಅಜ್ಜಿಗೆ ಆ ಕಡೆಯವರಿಗೆ ಹೇಳುವ ಮಾತು ಇನ್ನೂ ಇರಬಹುದು, ಅದು ಮಗುವಿಗೆ ಗೊತ್ತಿಲ್ಲ.

ಸರ್ವರಿನಲ್ಲಿ ಬದಲಾದದ್ದು ಎರಡೇ ಸಾಲು. ಕುಣಿಕೆಯ ಮೊದಲು `held = []`, `recv` ಆದ ಮೇಲೆ `held.append(c)`. ಅಜ್ಜಿಗೆ ಒಂದು ಚೀಲ ಕೊಟ್ಟಂತೆ. ಮೊದಲ ಸಾಲಿನ ಒಂದು ಗಣಕ ಸರ್ವರ್, ಕಿಟಕಿ ಪಕ್ಕದ್ದು ಗ್ರಾಹಕ, ವಿಳಾಸ ಮಾತ್ರ ಬದಲು. ತರಗತಿಯನ್ನು ಎರಡು ಗುಂಪು ಮಾಡಿ, ಎರಡು ಗಣಕದಲ್ಲೂ `ss -tan` ಓದಲು ಹೇಳಿದೆ. ಸರ್ವರ್ ಗುಂಪು ನಲವತ್ತು `CLOSE-WAIT` ಎಂದು ಕೂಗಿತು, ಗ್ರಾಹಕ ಗುಂಪು ನಲವತ್ತು `FIN-WAIT-2` ಎಂದಿತು. ಗಡಿಯಾರ ನೋಡುತ್ತಾ ಕೂತೆವು. ಒಂದು ನಿಮಿಷವಾದ ಮೇಲೆ ಗ್ರಾಹಕ ಗುಂಪಿನ ಪಟ್ಟಿ ಖಾಲಿ. ಕಾಯುವವರು ಕಾದು ಸಾಕಾಗಿ ಹೊರಟುಹೋಗಿದ್ದರು. ನಾನು ಇಳಿಸಿದ್ದ `tcp_fin_timeout` ನಿಜವಾಗಿ ಆಳುವುದು ಈ ಕಾಯುವಿಕೆಯನ್ನು. ಸರ್ವರ್ ಗುಂಪಿನಲ್ಲಿ ನಲವತ್ತೂ ಹಾಗೆಯೇ ಇದ್ದವು. ಅವಧಿಯ ಕೊನೆಗೂ ಇದ್ದವು. ಆ ತುದಿಯಲ್ಲಿ ಯಾರೂ ಇಲ್ಲ, ಈ ತುದಿಯಲ್ಲಿ ಮಗು ಫೋನ್ ಹಿಡಿದಿದೆ.

ಕ್ಲೋಸ್ ವೇಟ್ ಕಂಡಾಕ್ಷಣ ತಪ್ಪು ಎನ್ನಬಾರದು ಎಂಬುದನ್ನೂ ಇಲ್ಲಿಯೇ ಹೇಳಿದೆ. ಕೆಲಸ ಮಾಡುವ ಎಲ್ಲ ಸರ್ವರಿನಲ್ಲೂ ಒಂದೆರಡು ಕ್ಷಣ ಅದು ಇದ್ದೇ ಇರುತ್ತದೆ. ಒಂದು ನಿಮಿಷ ಬಿಟ್ಟು ಮತ್ತೆ ಪಟ್ಟಿ ತೆಗೆದಾಗ ಅವೇ ಪೋರ್ಟ್ ಸಂಖ್ಯೆಗಳು ಅಲ್ಲಿಯೇ ಇದ್ದರೆ ಆಗ ಪ್ರೋಗ್ರಾಮನ್ನು ತೆರೆದು ನೋಡಬೇಕು.

ಮಿತಿ ತುಂಬುವುದನ್ನು ತೋರಿಸಲು ಸಾವಿರ ಸಂಪರ್ಕ ಬೇಕಿಲ್ಲ. ಸರ್ವರ್ ಶುರು ಮಾಡುವ ಮೊದಲು ಅದೇ ಟರ್ಮಿನಲ್ಲಿನಲ್ಲಿ `ulimit -n 30` ಎಂದು ಕೊಟ್ಟೆ. ಮೂವತ್ತರಲ್ಲಿ ಮೂರು ಪ್ರೋಗ್ರಾಮಿನ ಮಾಮೂಲಿ ಒಳಹರಿವು ಹೊರಹರಿವಿಗೆ, ಒಂದು ಕೇಳುತ್ತಾ ಕೂತ ಸಾಕೆಟಿಗೆ. ಉಳಿದದ್ದು ಇಪ್ಪತ್ತಾರು. ಇಪ್ಪತ್ತೇಳನೆಯವನನ್ನು ಒಳಗೆ ಕರೆಯಲು ಹೋದಾಗ ಪರದೆಯ ಮೇಲೆ ಬಂದದ್ದು:

```
OSError: [Errno 24] Too many open files
```

ಪ್ರೋಗ್ರಾಮು ಸತ್ತಿತು. ತಕ್ಷಣ ಪಟ್ಟಿ ನೋಡಿದರೆ ಒಂದೂ `CLOSE-WAIT` ಇಲ್ಲ. ಪ್ರೋಗ್ರಾಮು ಸತ್ತಾಗ ಅದು ಹಿಡಿದಿದ್ದ ಎಲ್ಲವನ್ನೂ ಕರ್ನಲ್ ಮುಚ್ಚುತ್ತದೆ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಅರ್ಧ ಗಂಟೆ ಚೆನ್ನಾಗಿ ನಡೆಯುತ್ತಿದ್ದ ನಮ್ಮ ಅರ್ಜಿ ಸರ್ವರಿನ ರಹಸ್ಯ ಇದೇ. ಮಿತಿಯನ್ನು 1024ರಿಂದ ಹತ್ತು ಸಾವಿರ ಮಾಡಿದ್ದರೆ ಅರ್ಧ ಗಂಟೆಯ ಬದಲು ಐದು ಗಂಟೆ ನಡೆಯುತ್ತಿತ್ತು, ಅಷ್ಟೇ. ಕಚೇರಿಯಲ್ಲಿ ಕೊನೆಗೆ ಮಾಡಿದ ತಿದ್ದುಪಡಿ ಎರಡು ಸಾಲಿನದು: ಪಟ್ಟಿಗೆ ಸಂಪರ್ಕದ ಬದಲು ಸಂದೇಶವನ್ನು ಸೇರಿಸಿದೆವು, `c.close()` ಅನ್ನು `finally` ಒಳಗೆ ಇಟ್ಟು ಯಾವ ದಾರಿಯಲ್ಲಿ ಹೊರಬಿದ್ದರೂ ಅದು ನಡೆಯುವಂತೆ ಮಾಡಿದೆವು. ಅದನ್ನು ಮಾಡುವ ಹೊತ್ತಿಗೆ ಕೊನೆಯ ದಿನ ಮುಗಿದು ಎರಡು ದಿನವಾಗಿತ್ತು.

ಅವಧಿಯ ಕೊನೆಯಲ್ಲಿ ಒಬ್ಬ ಹುಡುಗಿ ನಾನು ಯೋಜನೆಯಲ್ಲಿ ಬರೆದುಕೊಳ್ಳದ ಪ್ರಶ್ನೆ ಕೇಳಿದಳು. "ಮೇಡಂ, ಎಲ್ಲ `CLOSE-WAIT` ಸಾಲಿನಲ್ಲೂ `Recv-Q` ಅಡಿಯಲ್ಲಿ 1 ಅಂತ ಇದೆ. ನಾವು ಕಳಿಸಿದ hi ಎರಡು ಅಕ್ಷರ, ಅದನ್ನ ಸರ್ವರ್ ಓದಿಯೂ ಆಗಿದೆ. ಈ ಒಂದು ಯಾವುದು?" ಈ ಸಲ ಯಂತ್ರದ ಮೇಲೆ ಹಾಕಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಮರುದಿನ ಮೊದಲ ಹತ್ತು ನಿಮಿಷ ಅದಕ್ಕೇ ಹೋಯಿತು. ಟಿಸಿಪಿಯ ಎಣಿಕೆಯಲ್ಲಿ ಫಿನ್ ಕೂಡ ಒಂದು ಸಂಖ್ಯೆಯನ್ನು ತೆಗೆದುಕೊಳ್ಳುತ್ತದೆ. ಬಂದಿದೆ, ಪ್ರೋಗ್ರಾಮು ಇನ್ನೂ ಓದಿಲ್ಲ ಎಂಬುದೇ ಆ ಒಂದು. ಸರ್ವರಿನಲ್ಲಿ ಇನ್ನೊಂದು `c.recv(100)` ಸೇರಿಸಲು ಅವಳಿಗೇ ಹೇಳಿದೆ. ಎರಡನೇ ಸಲ ಓದಿದಾಗ ಖಾಲಿ ಉತ್ತರ ಬರುತ್ತದೆ, ಮಾತು ಮುಗಿಯಿತು ಎಂಬುದರ ಗುರುತು ಅದು. ನಡೆಸಿ ನೋಡಿದಾಗ ನಲವತ್ತೂ ಸಾಲುಗಳಲ್ಲಿ 1 ಹೋಗಿ 0 ಬಂದಿತ್ತು, ಸ್ಥಿತಿ ಮಾತ್ರ `CLOSE-WAIT` ಆಗಿಯೇ ಇತ್ತು. "ಅಂದ್ರೆ ಮೊದಲು ಅಜ್ಜಿಗೆ ಕೇಳಿಸಿರಲಿಲ್ಲ. ಈಗ ಕೇಳಿಸಿದೆ, ಆದ್ರೂ ಎದ್ದು ಬಂದಿಲ್ಲ" ಎಂದಳು.